ಪಾರ್ಟ್ ಪೇಮೆಂಟ್ ಕಟ್ಟಿದ ಮೇಲೆ ಅವಧಿ ಇಳಿದಿದೆಯಾ, ಇಎಂಐ ಇಳಿದಿದೆಯಾ?

ಪ್ರಶ್ನೆ: ಮನೆ ಸಾಲದಲ್ಲಿ 20 ಲಕ್ಷ ಬಾಕಿ ಇತ್ತು, ಬಡ್ಡಿ 9%, ಇಎಂಐ 20,285, ಇನ್ನೂ 180 ಕಂತು. 2 ಲಕ್ಷ ಕಟ್ಟಿ ಅವಧಿ ಕಡಿಮೆ ಮಾಡಿ ಅಂದೆ. ‘ಹಣ ಬಂದಿದೆ’ ಅಂತ ಮೆಸೇಜ್ ಮಾತ್ರ ಬಂತು. ಹೇಳಿದ ಹಾಗೆ ಮಾಡಿದ್ದಾರಾ ಅಂತ ಹೇಗೆ ತಿಳಿಯೋದು?

ನಾನು ಸಾಲ ವಿಭಾಗದಲ್ಲಿ ಕೆಲಸ ಮಾಡಿದವನು. ಆ ಮೆಸೇಜನ್ನು ನಂಬಿ ಕೂರಬೇಡಿ. ಸಾಲದ ಖಾತೆಯ ಸ್ಟೇಟ್‌ಮೆಂಟ್ ತೆಗೆಸಿ, ಮೊದಲು ಬಡ್ಡಿಯ ಸಾಲು ನೋಡಿ. 20 ಲಕ್ಷಕ್ಕೆ ತಿಂಗಳ ಬಡ್ಡಿ 15,000. ಅಸಲು 18 ಲಕ್ಷಕ್ಕೆ ಇಳಿದಿದ್ದರೆ ಅದು 13,500ರ ಆಸುಪಾಸಿಗೆ ಬರಬೇಕು. ತಿಂಗಳ ಮಧ್ಯೆ ಕಟ್ಟಿದ್ದರೆ ಆ ತಿಂಗಳ ಬಡ್ಡಿ ಎರಡರ ನಡುವೆ ಇರುತ್ತದೆ, ಹಾಗಾಗಿ ಮುಂದಿನ ಪೂರ್ತಿ ತಿಂಗಳನ್ನು ನೋಡಿ. ಆಗಲೂ 15,000ದ ಹತ್ತಿರವೇ ಇದ್ದರೆ ನಿಮ್ಮ ಹಣ ಅಸಲಿಗೆ ಸೇರಿಲ್ಲ. ಮುಂದಿನ ಕಂತುಗಳ ಮುಂಗಡ ಅಂತ ಸುಮ್ನೆ ಪಕ್ಕಕ್ಕೆ ಇಟ್ಟಿರಬಹುದು. ಎಲ್ಲಕ್ಕಿಂತ ಜಾಸ್ತಿ ನಷ್ಟ ಇದರಲ್ಲೇ.

ಬಡ್ಡಿ ಇಳಿದಿದೆ ಅಂದುಕೊಳ್ಳಿ. ಈಗ ಇಎಂಐ ನೋಡಿ. ಅದು 18,257 ಆಗಿದ್ದರೆ ಕಂತು ಇಳಿಸಿ 180 ತಿಂಗಳನ್ನು ಹಾಗೇ ಬಿಟ್ಟಿದ್ದಾರೆ. 20,285 ಇದ್ದರೆ ಉಳಿದ ಕಂತು 147 ಆಗಬೇಕು, ಅಂದರೆ 33 ತಿಂಗಳು ಕಡಿಮೆ. ನಿಮ್ಮ ಅಂಕಿ ಹಾಕಿ ಎಕ್ಸೆಲ್‌ನಲ್ಲೇ ನೋಡಬಹುದು:

```
=NPER(9%/12,-20285,1800000)
```

146.57 ಬರುತ್ತದೆ, ಕೊನೆಯ ಕಂತು ಚಿಕ್ಕದು. ಬಡ್ಡಿ ದರ ಬದಲಾಗದೇ ಇದ್ದರೆ, ಈ ಎರಡು ದಾರಿಗಳ ನಡುವೆ ಒಟ್ಟು ಬಡ್ಡಿಯಲ್ಲಿ ಸುಮಾರು 3 ಲಕ್ಷದ ವ್ಯತ್ಯಾಸ ಇದೆ.

ಇನ್ನೊಂದು ಕಡೆ ಜನ ಎಡವುತ್ತಾರೆ. ಇಎಂಐ ಅದೇ ಇದೆ ಅಂತ ನೆಮ್ಮದಿಯಾಗಿರುತ್ತಾರೆ, ಆದರೆ ಖಾತೆಯಲ್ಲಿ ಸಾಲ ಮುಗಿಯುವ ದಿನಾಂಕ ಹಳೆಯದೇ ಇರುತ್ತದೆ. ಬಡ್ಡಿ ದರ ಬದಲಾದಾಗ ಆ ಹಳೇ ದಿನಾಂಕಕ್ಕೆ ಲೆಕ್ಕ ಹಾಕಿ ಇಎಂಐ ಇಳಿಸಿಬಿಟ್ಟರೆ ನೀವು ಕೇಳಿದ್ದು ಅಲ್ಲಿಗೆ ಹೋಯಿತು. ಅದಕ್ಕೇ ಹೊಸ ಮರುಪಾವತಿ ಪಟ್ಟಿ ಕೇಳಿ ಪಡೆಯಿರಿ, ಅದರ ಕೊನೆಯ ಸಾಲಿನ ತಿಂಗಳು ಓದಿ. ಪ್ರತಿ ದರ ಬದಲಾವಣೆಯ ನಂತರವೂ ಇದನ್ನೇ ಮಾಡಿ. ರಿಸರ್ವ್ ಬ್ಯಾಂಕಿನ ಆಗಸ್ಟ್ 2023ರ ಸುತ್ತೋಲೆ ಪ್ರಕಾರ, ಬದಲಾಗುವ ದರದ ಇಂಥ ಸಾಲಗಳಿಗೆ ಪ್ರತಿ ಮೂರು ತಿಂಗಳ ಕೊನೆಗೆ ಇಎಂಐ ಎಷ್ಟು, ಎಷ್ಟು ಕಂತು ಬಾಕಿ ಅಂತ ತಿಳಿಸುವ ಸ್ಟೇಟ್‌ಮೆಂಟ್ ಗ್ರಾಹಕರಿಗೆ ಸಿಗಬೇಕು.

ತಪ್ಪು ಕಂಡರೆ ಬಾಯಿಮಾತಲ್ಲಿ ಹೇಳಿ ಬರಬೇಡಿ, ಈಮೇಲ್ ಹಾಕಿ. ‘ಇಎಂಐ 20,285 ಹಾಗೇ ಇರಲಿ, ಅವಧಿ ಇಳಿಸಿ, ಹಣ ಜಮಾ ಆದ ದಿನದಿಂದಲೇ ಲೆಕ್ಕ ಸರಿಪಡಿಸಿ’ ಅಂತ ಬರೆಯಿರಿ. ಕೊನೆಯ ತುಂಡು ಮುಖ್ಯ. ಅದಿಲ್ಲದಿದ್ದರೆ ಇವತ್ತಿನಿಂದ ಸರಿ ಮಾಡಿ, ನಡುವಿನ ತಿಂಗಳುಗಳ ಹೆಚ್ಚುವರಿ ಬಡ್ಡಿಯನ್ನು ಹಾಗೇ ಬಿಟ್ಟುಬಿಡಬಹುದು. 30 ದಿನದಲ್ಲಿ ಉತ್ತರ ಬರದಿದ್ದರೆ cms.rbi.org.in ನಲ್ಲಿ ಓಂಬುಡ್ಸ್‌ಮನ್‌ಗೆ ದೂರು ಕೊಡಿ, ಆ ಈಮೇಲನ್ನೂ ಲಗತ್ತಿಸಿ.