ದೊಡ್ಡ ಆಟಕ್ಕೆ ಫೋನಿನಲ್ಲಿ ಜಾಗ ಬಿಡಿಸುವುದು

ಪ್ರಶ್ನೆ: ನನ್ನ 64 ಜಿಬಿ ಆಂಡ್ರಾಯ್ಡ್ ಫೋನಿನಲ್ಲಿ 6 ಜಿಬಿ ಮಾತ್ರ ಖಾಲಿ ಇದೆ. 20 ಜಿಬಿಯ ಆಟ ಹಾಕಲು ಏನು ತೆಗೆಯಲಿ?

ಉತ್ತರ: ಇಳಿಸಿದ ಕಡತಗಳನ್ನು ಬಿಚ್ಚುವಾಗಲೂ ಜಾಗ ಬೇಕಾಗುವುದರಿಂದ 24 ಜಿಬಿ ಖಾಲಿ ಇರಲಿ, ಅಂದರೆ ನೀವು ಬಿಡಿಸಬೇಕಾದದ್ದು 18 ಜಿಬಿ.

ಆ್ಯಪ್‌ಗಳು ತಾತ್ಕಾಲಿಕವಾಗಿ ಕೂಡಿಟ್ಟ ಕಡತಗಳನ್ನು, ಅಂದರೆ ಕ್ಯಾಶೆಯನ್ನು, ಅಳಿಸಿದರೆ ಸಿಗುವುದು ಸಾಮಾನ್ಯವಾಗಿ ಒಂದೆರಡು ಜಿಬಿ, ಅದೂ ಕೆಲವೇ ದಿನಗಳಲ್ಲಿ ಮತ್ತೆ ತುಂಬಿಕೊಳ್ಳುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಆ್ಯಪ್‌ನ Storage ಪುಟ ತೆರೆದು Clear cache ಅನ್ನು ಮಾತ್ರ ಒತ್ತಿ. ಪಕ್ಕದ Clear storage ಒತ್ತಿದರೆ ಆ ಆ್ಯಪ್‌ನ ಲಾಗಿನ್ ಮತ್ತು ಉಳಿಸಿದ ಮಾಹಿತಿಯೂ ಹೋಗುತ್ತದೆ.

ನಿಜವಾದ ಹೊರೆ ಇರುವುದು ವಿಡಿಯೊಗಳಲ್ಲಿ. ಕ್ಯಾಮೆರಾದ ಮತ್ತು ವಾಟ್ಸ್‌ಆ್ಯಪ್‌ನ ವಿಡಿಯೊಗಳು ಸೇರಿ 10 ಜಿಬಿ ಇದ್ದರೆ, ಅವನ್ನು ಮೊದಲು ಮೆಮೊರಿ ಕಾರ್ಡಿಗೆ ಅಥವಾ ಕಂಪ್ಯೂಟರಿಗೆ ನಕಲು ಮಾಡಿ, ನಾಲ್ಕಾರನ್ನು ತೆರೆದು ನೋಡಿ, ಆಮೇಲೆ ಫೋನಿನಿಂದ ಅಳಿಸಿ. ಸ್ಥಳಾಂತರಿಸಿದ ವಾಟ್ಸ್‌ಆ್ಯಪ್ ವಿಡಿಯೊಗಳು ಚಾಟ್‌ನೊಳಗೆ ತೆರೆಯುವುದಿಲ್ಲ. ಅಳಿಸಿದರೂ ಖಾಲಿ ಜಾಗದ ಅಂಕಿ ಕದಲದಿದ್ದರೆ ಗ್ಯಾಲರಿಯ ಕಸದ ಬುಟ್ಟಿಯನ್ನು ನೋಡಿ; ಕಡತಗಳು ಅಲ್ಲೇ ಕುಳಿತಿರುತ್ತವೆ.

ಉಳಿದ 8 ಜಿಬಿಗೆ ಪ್ಲೇ ಸ್ಟೋರ್‌ನ Manage apps & device ಒಳಗೆ Manage ಗೆ ಹೋಗಿ, ಪಟ್ಟಿಯನ್ನು Least used ಕ್ರಮದಲ್ಲಿಟ್ಟು, ಬಳಸದ ಆ್ಯಪ್‌ಗಳನ್ನು ತೆಗೆಯಿರಿ. ಹಳೆಯ ಆಟವೊಂದನ್ನು ಖಾತೆಗೆ ಜೋಡಿಸದೆ ಆಡಿದ್ದರೆ ನಿಮ್ಮ ಪ್ರಗತಿ ಅದರೊಂದಿಗೇ ಅಳಿಯಬಹುದು. ಹೊಸ ಆಟವನ್ನೇ ಕಾರ್ಡಿಗೆ ಹಾಕುವ ಯೋಚನೆಯನ್ನು ನೆಚ್ಚಬೇಡಿ, ಏಕೆಂದರೆ ಬಹುತೇಕ ದೊಡ್ಡ ಆಟಗಳ ಕಡತಗಳು ಫೋನಿನ ಒಳಸಂಗ್ರಹದಲ್ಲೇ ಉಳಿಯುತ್ತವೆ.