ಹೈಬ್ರಿಡ್ ಭತ್ತದ ದೊಡ್ಡ ತೆನೆ ಬೀಜಕ್ಕೆ ಯಾಕೆ ಆಗುವುದಿಲ್ಲ

ಪ್ರಶ್ನೆ: ಕಳೆದ ಏಣಿಲಿಗೆ ಹಾಕಿದ ಹೈಬ್ರಿಡ್ ಭತ್ತ ಒಳ್ಳೆ ಫಸಲು ಕೊಟ್ಟಿತು. ದೊಡ್ಡ ತೆನೆ ಆರಿಸಿ ಬೀಜಕ್ಕೆ ಇಡಬಹುದಾ? ಮುಂದೆ ಮೊಳೆಯದ ಹಾಗೆ ಕಂಪನಿಯವರು ಏನಾದರೂ ಮಾಡಿರುತ್ತಾರಾ?

ಮೊಳೆಯುತ್ತದೆ ಮಾರಾಯ್ರೆ, ಚೆನ್ನಾಗಿಯೇ ಮೊಳೆಯುತ್ತದೆ. ನಾನು ಮೋಸ ಹೋದದ್ದೂ ಅದನ್ನು ನೋಡಿಯೇ. ಬ್ರಹ್ಮಾವರದ ಹತ್ತಿರ ನಮ್ಮ ಬೈಲುಗದ್ದೆಯಲ್ಲಿ ನೇಜಿ ಒಂದೇ ಸಮ ಹಸಿರಾಗಿತ್ತು. ವ್ಯತ್ಯಾಸ ಕಂಡದ್ದು ತೆನೆ ಹೊರಟ ಮೇಲೆ. ಒಂದು ಬುಡ ಎತ್ತರ, ಪಕ್ಕದ್ದು ಗಿಡ್ಡ. ಕೆಲವು ಹಣ್ಣಾಗಿ ಕಾಳು ಉದುರುವಾಗ ಇನ್ನು ಕೆಲವಕ್ಕೆ ಹಾಲು ತುಂಬುತ್ತಿತ್ತು. ಕೊಯ್ಲಿನ ಮಿಷನ್ ಯಾವಾಗ ಕರೆಸುವುದು ಹೇಳಿ?

ನಾನೂ ದೊಡ್ಡ ತೆನೆಯನ್ನೇ ಆರಿಸಿದ್ದೆ. ಅಜ್ಜ ಹಾಗೆ ಮಾಡುತ್ತಿದ್ದರು, ಊರಿನ ಹಳೇ ತಳಿಗೆ ಅದು ಸರಿ. ಅಲ್ಲಿ ಗಿಡದಿಂದ ಗಿಡಕ್ಕೆ ಹುಟ್ಟಿನಲ್ಲೇ ಸ್ವಲ್ಪ ವ್ಯತ್ಯಾಸ ಇರುತ್ತದೆ, ಒಳ್ಳೆಯದನ್ನು ಆರಿಸಿದರೆ ಅದರ ಗುಣ ಮುಂದೆ ಬರುತ್ತದೆ. ಆದರೆ ಅಂಗಡಿಯಿಂದ ತಂದ ಹೈಬ್ರಿಡ್‌ನಲ್ಲಿ ಎಲ್ಲ ಗಿಡಕ್ಕೂ ಜೀನ್ ಒಂದೇ. ಬದುವಿನ ಪಕ್ಕದ ಬುಡಕ್ಕೆ ಬಿಸಿಲು, ಗೊಬ್ಬರ ಜಾಸ್ತಿ ಸಿಕ್ಕಿ ತೆನೆ ದೊಡ್ಡದಾಗಿರುತ್ತದೆ, ಅಷ್ಟೇ. ಅದರ ಕಾಳು ಬಿತ್ತಿದರೂ, ಸಣ್ಣ ತೆನೆಯದ್ದು ಬಿತ್ತಿದರೂ ಬರುವುದು ಅದೇ ಕಲಬೆರಕೆ. ಸುಮ್ನೆ ಗದ್ದೆಯೆಲ್ಲ ಸುತ್ತಿ ಆರಿಸಿದ್ದಷ್ಟೇ ಲಾಭ.

ಹೈಬ್ರಿಡ್‌ನ ಹುರುಪು ಇರುವುದು ಬೇರೆ ಬೇರೆ ಅಪ್ಪ ಅಮ್ಮನ ಜೀನ್ ಜೋಡಿ ಸೇರಿರುವುದರಲ್ಲಿ. ಒಬ್ಬರ ಕೊರತೆಯನ್ನು ಇನ್ನೊಬ್ಬರದ್ದು ಮುಚ್ಚುತ್ತದೆ. ಭತ್ತ ತನ್ನ ಪರಾಗದಿಂದಲೇ ಕಾಳು ಕಟ್ಟುವ ಬೆಳೆ. ಹಾಗಾಗಿ ಮುಂದಿನ ತಲೆಮಾರಿನಲ್ಲಿ ಇಂಥ ಜೋಡಿಗಳಲ್ಲಿ ಸುಮಾರು ಅರ್ಧ ಮುರಿದು, ಮುಚ್ಚಿದ್ದ ಕೊರತೆ ಹೊರಗೆ ಬರುತ್ತದೆ. ಯಾವ ಗಿಡದಲ್ಲಿ ಯಾವುದು ಮುರಿಯುತ್ತದೆ ಅಂತ ಹೇಳುವ ಹಾಗಿಲ್ಲ.

ಭತ್ತದಲ್ಲಿ ಇನ್ನೊಂದು ತೊಂದರೆ ಇದೆ. ಮಂಡ್ಯದ ಕೆಆರ್‌ಎಚ್-2 ಸೇರಿ ಹೆಚ್ಚಿನ ಹೈಬ್ರಿಡ್‌ಗಳಿಗೆ ಪರಾಗ ಕೆಲಸ ಮಾಡದ ತಳಿಯೇ ತಾಯಿ. ಬೀಜದ ಪ್ಲಾಟಿನಲ್ಲಿ ತಾಯಿ, ತಂದೆ ಸಾಲುಗಳನ್ನು ಅಕ್ಕಪಕ್ಕ ನೆಟ್ಟು, ಹೂವಿನ ಹೊತ್ತಿಗೆ ಹಗ್ಗ ಎಳೆದು ತಂದೆ ಸಾಲಿನ ಪರಾಗ ಉದುರಿಸುತ್ತಾರೆ. ಪರಾಗವನ್ನು ಸರಿಮಾಡುವ ಜೀನ್ ಬರುವುದು ತಂದೆಯಿಂದ, ಆದ್ದರಿಂದ ನಿಮ್ಮ ಗದ್ದೆಯಲ್ಲಿ ಕಾಳು ಕಟ್ಟಿತು. ಬೀಜ ಇಟ್ಟು ಬೆಳೆದರೆ ಕೆಲವು ಗಿಡಗಳಿಗೆ ಆ ಜೀನ್ ಸಿಗುವುದೇ ಇಲ್ಲ. ಅಂಥ ತೆನೆ ಎಲೆಯ ಒರೆಯಿಂದ ಪೂರ್ತಿ ಹೊರಗೆ ಬರುವುದಿಲ್ಲ, ಹೂವಿನ ಕೇಸರ ಹಳದಿಯ ಬದಲು ಬಿಳಿಚಿಕೊಂಡು ಸೊರಗಿರುತ್ತದೆ, ಕೊನೆಗೆ ಬರೀ ಜೊಳ್ಳು.

ಹಾಗಾಗಿ ಕಂಪನಿ ಏನು ಮಾಡಿದೆ ಅನ್ನುವ ಪ್ರಶ್ನೆಯೇ ತಪ್ಪು ಅನಿಸುತ್ತದೆ ನನಗೆ. ಬೀಜ ಇಡುವ ಆಸೆ ಇದ್ದರೆ ಹೈಬ್ರಿಡ್ ಯಾಕೆ? ಎಂಒ-4 ಹಾಕಿ. ಅದು ಹೈಬ್ರಿಡ್ ಅಲ್ಲ, ಬೇರೆ ತಳಿಯ ಬುಡ ಕಂಡಾಗ ಕಿತ್ತರೆ ಕೆಲವು ವರ್ಷ ಆರಾಮವಾಗಿ ಇಟ್ಟುಕೊಳ್ಳಬಹುದು. ಹೈಬ್ರಿಡ್ಡೇ ಬೇಕಾದರೆ ಪ್ರತಿ ಸಲ ಹೊಸ ಬೀಜ ತನ್ನಿ. ಈಗ ಆರಿಸಿಟ್ಟದ್ದನ್ನು ಮಿಲ್ಲಿಗೆ ಕೊಡಿ, ಅನ್ನಕ್ಕೆ ಏನೂ ತೊಂದರೆ ಇಲ್ಲ.