ಹೋಗುತ್ತಾಳೆ: ಅಕ್ಷರ ನೋಡಿ ಕತ್ತರಿ ಹಾಕಬೇಡಿ

ಪ್ರಶ್ನೆ: "ಕ್ವಿಜ್‌ನಲ್ಲಿ 'ಹೋಗುತ್ತಾಳೆ'ಯನ್ನು ಮಾರ್ಫೀಮ್‌ಗಳಾಗಿ ಬಿಡಿಸಿ ಅಂತಿತ್ತು. ಹೋ-ಗು-ತ್ತಾ-ಳೆ ಅಂತ ನಾಲ್ಕು ಬರೆದೆ, ತಪ್ಪು ಅಂತ ಬಂತು. ಮನೆಮಾತೇ ಕನ್ನಡ, ಎಲ್ಲಿ ಎಡವಿದೆ?"

ಅಯ್ಯೋ, ಇದೇ ಗುಂಡಿಗೆ ನಾನೂ ಬಿದ್ದಿದ್ದೆ. ಮನೆಮಾತು ಕನ್ನಡ ಆಗಿರೋದೇ ಇಲ್ಲಿ ತೊಂದರೆ. ಮಾರ್ಫೀಮ್ ಅಂದ್ರೆ ಅರ್ಥ ಹೊತ್ತ ಅತಿ ಚಿಕ್ಕ ತುಂಡು. ನೀವು ಕತ್ತರಿಸಿದ್ದು ಬರಹವನ್ನು, ಮಾತನ್ನಲ್ಲ. 'ತ್ತಾ'ದಲ್ಲಿರುವ ತ್ತ್ ಕಾಲದ ಪ್ರತ್ಯಯದ್ದು, 'ಆ' ಅನ್ನೋ ಸ್ವರ ಅದರ ಮುಂದಿನ ಪ್ರತ್ಯಯದ್ದು. ಲಿಪಿ ಎರಡನ್ನೂ ಒಂದೇ ಅಕ್ಷರದಲ್ಲಿ ಕೂರಿಸಿಬಿಟ್ಟಿದೆ. ಹೋಗ್-ಉತ್ತ್-ಆಳೆ. ಮೂರೇ.

ನನ್ನ ಕತೆ ಇನ್ನೂ ಚೆನ್ನಾಗಿದೆ. ನನಗೆ ಬಂದಿದ್ದು 'ಬಂದಳು'. ಬಂ-ದ-ಳು ಅಂತ ಬರೆದೆ. ಎಷ್ಟು ತುಂಡು ಅಂತ ಮಾತ್ರ ಕೇಳಿದ್ದರು, ಮೂರು ಅನ್ನೋದು ಸರಿಯಾಗಿತ್ತು, ಪೂರ್ತಿ ಅಂಕ ಸಿಕ್ಕಿತು. ಕತ್ತರಿ ಬಿದ್ದ ಜಾಗ ತಪ್ಪು ಅಂತ ಗೊತ್ತೇ ಆಗಲಿಲ್ಲ. ಮುಂದಿನ ಪ್ರಶ್ನೆಯಲ್ಲಿ ಸ್ತ್ರೀಲಿಂಗದ ಪ್ರತ್ಯಯ ಯಾವುದು ಅಂದಾಗ ಧೈರ್ಯವಾಗಿ 'ಳು' ಅಂತ ಬರೆದು ಕೈ ಸುಟ್ಟುಕೊಂಡೆ. ಅದು 'ಅಳು'. ಸರಿಯಾಗಿ ಬಿಡಿಸಿದರೆ ಬನ್-ದ್-ಅಳು. ಬರ್ ಅನ್ನೋದು ದ್ ಮುಂದೆ ಬನ್ ಆಗಿದೆ, ತರು-ತಂದಳು ಇದ್ದ ಹಾಗೆ.

ಈಗ ನೀವು ಕೇಳ್ತೀರಿ, ಹೋಗು-ತ್ತ್-ಆಳೆ ಯಾಕಾಗಬಾರದು, ಉ ಯಾರಿಗೆ ಸೇರಿದ್ದು ಅಂತ. ಇದಕ್ಕೆ ನಾನು ಮಾಡೋದು ಒಂದೇ: ಉ ಇಲ್ಲದೆ ಮುಗಿಯೋ ಧಾತು ಹಾಕಿ ನೋಡೋದು. 'ಕರೆ' ಹಾಕಿ. ಕರೆಯುತ್ತಾಳೆ. ಕರೆಯಲ್ಲಿ ಉ ಇಲ್ಲ, ಆದರೂ ಉ ಬಂತು. ಅಂದ್ರೆ ಅದು ಪ್ರತ್ಯಯದ್ದು. ನಡುವಿನ ಯ್ ಸುಮ್ನೆ ಎರಡು ಸ್ವರ ತಾಗದಿರಲಿ ಅಂತ ನುಗ್ಗಿದ್ದು, ಅದನ್ನು ಎಣಿಸಬೇಡಿ. ಆಮೇಲೆ ಬೇರೆಯದನ್ನೆಲ್ಲ ಹಾಗೇ ಇಟ್ಟು ಒಂದೊಂದೇ ಜಾಗ ಬದಲಿಸಿ: ಕರೆಯುತ್ತೇನೆ, ಕರೆದಳು. ಬದಲಾದದ್ದು ಎಲ್ಲಿಂದ ಶುರುವಾಯಿತೋ ಅಲ್ಲೇ ಕತ್ತರಿ. ಆದರೆ ಆಡುಮಾತು ಕೊಟ್ಟಿದ್ದರೆ ಲೆಕ್ಕ ಬೇರೆ. 'ಕರೀತಾಳೆ'ಯಲ್ಲಿ ಉ ಇಲ್ಲ, ಕಾಲಕ್ಕೆ ಬರೀ ತ್ ಉಳಿದಿದೆ. ಪ್ರಶ್ನೆಯನ್ನು ಪೂರ್ತಿ ಓದಿ ದಯವಿಟ್ಟು. ಅರ್ಧ ಜನ ಓದೋದೇ ಇಲ್ಲ.

ಕಣ್ಣು ಅಕ್ಷರಕ್ಕೇ ಜೋತುಬಿದ್ದರೆ 'ಬರಹ' ತಂತ್ರಾಂಶದ ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ: `hOguttALe`. ಧ್ವನಿಗಳು ಸಾಲಾಗಿ ನಿಲ್ಲುತ್ತವೆ, ಅಲ್ಲೇ ಗೀಟು ಹಾಕಿ. ನುಡಿ ಕೀಲಿಮಣೆ ಬರವಣಿಗೆಗೆ ಎಷ್ಟೇ ಚೆನ್ನಾಗಿದ್ದರೂ ಈ ಕೆಲಸಕ್ಕೆ ನನಗೆ ಒಗ್ಗಲಿಲ್ಲ.

ಇದೇ ಪ್ರಶ್ನೆಗೆ ಮೇಷ್ಟ್ರೊಬ್ಬರು ಹೋಗು + ಉತ್ತ + ಆಳೆ ಅಂತ ಉತ್ತರ ಬರೆದಿದ್ದಾರೆ. ಶಾಲೆಯ ವ್ಯಾಕರಣದಲ್ಲಿ ಅದೇ ಸರಿ, ಸ್ವರ ಲೋಪವಾಯಿತು ಅಂತ ಹೇಳಿ ಮುಗಿಸಬಹುದು. ಆದರೆ ಮೇಷ್ಟ್ರೇ, "ನಮ್ಮ ಭಾಷೆಗಳಲ್ಲಿ ಒಂದು ಪ್ರತ್ಯಯಕ್ಕೆ ಒಂದೇ ಅರ್ಥ" ಅಂದ್ರಲ್ಲ, ಅದು ಅರ್ಧ ಮಾತ್ರ. ಆಳೆ ಒಂದರಲ್ಲೇ ಅವಳು ಅನ್ನೋದೂ ಇದೆ, ಒಬ್ಬಳು ಅನ್ನೋದೂ ಇದೆ. ಅದನ್ನು ಇನ್ನೂ ಚೂರು ಮಾಡೋಕೆ ಹೋಗಬೇಡಿ. ಭೂತಕಾಲ ಬಂದರೆ ಅದೇ ಅಳು ಆಗುತ್ತದೆ, ಅಂದ್ರೆ ಪಕ್ಕದವರನ್ನು ನೋಡಿ ವೇಷ ಬದಲಿಸುತ್ತದೆ. 'ಜೋಡಣೆಯ ಭಾಷೆ' ಅಂದ ಮಾತ್ರಕ್ಕೆ ಎಲ್ಲವೂ ರೈಲು ಡಬ್ಬಿ ಥರ ಬಿಚ್ಚಿಕೊಳ್ಳೋದಿಲ್ಲ.

ಕೊಚ್ಚಿಯಲ್ಲಿರುವ ಅಕ್ಕ ಒಬ್ಬರು ಕೇಳಿದ್ದು ಮಲಯಾಳಂ ಕ್ರಿಯಾಪದದ ಬಗ್ಗೆ, ಅದು ಬೇರೆಯೇ ವಿಷಯ, ಆದರೂ ಕ್ವಿಜ್‌ಗೆ ಬೇಕಾದದ್ದು. ಮಲಯಾಳಂನಲ್ಲಿ ನಾನು, ನೀನು, ಅವಳು ಯಾರಿಗಾದರೂ 'ಪೋಗುನ್ನು'. ಹಾಗಾಗಿ "ದ್ರಾವಿಡ ಭಾಷೆಗಳೆಲ್ಲದರ ಕ್ರಿಯಾಪದ ಕರ್ತೃವನ್ನು ತೋರಿಸುತ್ತದೆ" ಅಂತ ಸರಿ-ತಪ್ಪು ಪ್ರಶ್ನೆ ಬಂದರೆ ತಪ್ಪು ಅಂತಲೇ ಒತ್ತಿ.

ಇನ್ನೊಂದು ಬಲೆ: 'ಅರಿಯೆ'. ಇದರಲ್ಲಿ 'ಇಲ್ಲ' ಎಲ್ಲಿದೆ ಅಂತ ಕೇಳ್ತಾರೆ. ಅರಿ-ತ್-ಎ ಅಂದ್ರೆ ತಿಳಿದೆ. ಕಾಲದ ತ್ ಕಿತ್ತುಹಾಕಿದರೆ ಅರಿ-(ಯ್)-ಎ, ನನಗೆ ತಿಳಿಯದು! ಕಾಲ ತೋರಿಸೋ ತುಂಡು ಇಲ್ಲದಿರೋದೇ ನಿಷೇಧ. ಒಲ್ಲೆ, ನಾನು ಬರೋದಿಲ್ಲ ಅನ್ನೋ ಅರ್ಥದ ಬಾರೆ ಎಲ್ಲ ಇದೇ ಜಾತಿ. ನಾನಂತೂ ಉತ್ತರಕ್ಕೆ ಹೀಗೇ ಬರೀತೀನಿ. ಆದರೆ ನಮ್ಮ ತೆಲುಗು ಗೆಳೆಯರೊಬ್ಬರು ಒಪ್ಪೋದಿಲ್ಲ. ಅವರ 'ಚೆಯ್ಯನು', ಅಂದ್ರೆ ನಾನು ಮಾಡೋದಿಲ್ಲ ಅನ್ನೋದರಲ್ಲಿ, ಕೊನೆಯ ನು 'ನಾನು'ವಿಗೆ ಹೋದರೆ ನಡುವೆ ಅ ಕಣ್ಣಿಗೆ ಕಾಣುವ ಹಾಗೆ ಕೂತಿದೆ. ಕನ್ನಡದಲ್ಲೂ ಒಂದು ಕಾಲಕ್ಕೆ ಅಂಥ ಅ ಇದ್ದು ಎ ಒಳಗೆ ಕರಗಿತು ಅಂತ ಅವರ ವಾದ. ತಳ್ಳಿಹಾಕೋ ವಾದವಲ್ಲ. ಈ ಎರಡೂ ಆಯ್ಕೆಗಳನ್ನು ಒಟ್ಟಿಗೆ ಕೊಟ್ಟಿರೋ ಪ್ರಶ್ನೆಪತ್ರಿಕೆ ಯಾರ ಹತ್ತಿರವಾದರೂ ಇದ್ದರೆ ಇಲ್ಲಿ ಹಾಕಿ, ಅವರು ಯಾವುದಕ್ಕೆ ಅಂಕ ಕೊಟ್ಟಿದ್ದಾರೆ ನೋಡೋಣ.